ಅಡ್ಡ ಬಂದದ್ದಕ್ಕೆಲ್ಲ ಒಪ್ಪಿಗೆ

ಬೀಬಿ ಉಮ್ಮನ ಟಿಕೆಟ್ ಬದಲಾಗಿದೆ ಎಂದು ಜಾಸಿರ್ ಹೇಳಿದಾಗ ಸುಹಾನಾ ನಕ್ಕುಬಿಟ್ಟಳು. ಸೋಮವಾರ ಬೆಳಿಗ್ಗೆ ಆಫೀಸಿಗೆ ಕಾಲಿಟ್ಟ ಕೂಡಲೇ ಏನಾದರೊಂದು ಹೇಳಿ ಅವಳನ್ನು ಹೆದರಿಸುವುದು ಅವನ ಚಾಳಿ. ಹೋದ ವಾರ ಸರ್ವರ್ ಪೆಟ್ಟಿಗೆಯೊಳಗೆ ಇಲಿ ಹೊಕ್ಕಿದೆ ಅಂದಿದ್ದ.

"ನಗ್ಬೇಡ ಮಾರಾಯ್ತಿ. ಇಲ್ಲಿ ಬಾ, ನೋಡು" ಎಂದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ಪುತ್ತೂರು ಬಸ್ ನಿಲ್ದಾಣದ ಎದುರಿನ ಕಟ್ಟಡದ ಮಾಳಿಗೆಯಲ್ಲಿ ಸಲಾಂ ಕಾಕನ ಟ್ರಾವೆಲ್ಸ್. ಗಲ್ಫಿಗೆ ಹೋಗುವವರು, ಮಕ್ಕಾಕ್ಕೆ ಉಮ್ರಾ ಯಾತ್ರೆ ಹೋಗುವವರು, ಮಕ್ಕಳನ್ನು ನೋಡಲು ಹೊರಟ ನೆಲ್ಯಾಡಿ ಕಡೆಯ ಕ್ರಿಶ್ಚಿಯನ್ ಕುಟುಂಬಗಳು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಜಾಸಿರ್ ಟಿಕೆಟ್ ಮಾಡುತ್ತಿದ್ದ. ನರಿಮೊಗರಿನ ಸುಹಾನಾ ಕಂಪ್ಯೂಟರ್ ಓದಿದವಳು. ಆಫೀಸಿನ ಎಲ್ಲ ಪ್ರೋಗ್ರಾಂ ಅವಳದೇ.

ಜಾಸಿರ್ ತೋರಿಸಿದ್ದು ವಿಮಾನ ಕಂಪೆನಿಯಿಂದ ಬಂದ ಮೇಲ್. ಶನಿವಾರ ಕಣ್ಣೂರಿನಿಂದ ಜಿದ್ದಾಕ್ಕೆ ಇದ್ದ ನೇರ ವಿಮಾನ ರದ್ದಾಗಿದೆ. ಬದಲಿಗೆ ಭಾನುವಾರ ಹೊರಟು, ನಡುವೆ ಬೇರೊಂದು ಊರಿನಲ್ಲಿ ಇಡೀ ರಾತ್ರಿ ಕಾದು, ಸೋಮವಾರ ಸಂಜೆ ತಲುಪುವ ಪ್ರಯಾಣ. ಕೊನೆಯಲ್ಲಿ ಒಂದು ಸಾಲು: ಈ ಬದಲಾವಣೆಯನ್ನು ಒಪ್ಪಿಕೊಂಡದ್ದಕ್ಕೆ ಧನ್ಯವಾದ.

ಸುಹಾನಾ ಆ ಸಾಲನ್ನು ಮತ್ತೊಮ್ಮೆ ಓದಿದಳು.

ಆಲಂಕಾರಿನ ಬೀಬಿ ಉಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ. ಉಮ್ರಾಕ್ಕೆ ಹೋಗಬೇಕೆಂಬ ಆಸೆಗೆ ಡಾಕ್ಟರು ಬಹಳ ಕಾಲ ತಲೆ ಅಲ್ಲಾಡಿಸಿದ್ದರು. ಕೊನೆಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಶುಕ್ರವಾರ ಪುತ್ತೂರಿನಲ್ಲಿ ಡಯಾಲಿಸಿಸ್ ಮುಗಿಸಿ, ಶನಿವಾರ ನೇರ ವಿಮಾನದಲ್ಲಿ ಹೋಗಿ, ಸೋಮವಾರ ಮಕ್ಕಾದ ಆಸ್ಪತ್ರೆಯಲ್ಲಿ ಮಲಗಲೇಬೇಕು. ಅದಕ್ಕಾಗಿಯೇ ಉಮ್ರಾ ಗುಂಪಿನ ಉಳಿದವರಿಂದ ಬೇರೆಯಾಗಿ, ಅವರಿಗೂ ಮಗ ಶಾನವಾಝನಿಗೂ ಪ್ರತ್ಯೇಕ ಟಿಕೆಟ್ ಆಗಿತ್ತು. ಹೊಸ ಪ್ರಯಾಣದಲ್ಲಿ ಆ ಸೋಮವಾರ ಆಕಾಶದಲ್ಲೇ ಮುಗಿಯುತ್ತಿತ್ತು.

"ಯಾರು ಒಪ್ಪಿದ್ದು?" ಎಂದು ಸುಹಾನಾ ಕೇಳಿದಳು.

"ನಾನಲ್ಲ. ಬೆಳಗಿನ ಸುಬಹಿ ನಮಾಝ್ ಮುಗಿಯುವ ಹೊತ್ತಿಗೆ ಬಂದ ಮೇಲ್ ಇದು. ಆ ಹೊತ್ತಿಗೆ ನಾನು ಎಲ್ಲಿರ್ತೇನೆ ಅಂತ ಊರಿಗೇ ಗೊತ್ತುಂಟು. ಹಾಸಿಗೆಯಲ್ಲಿ."

"ಶಾನವಾಝ್ ಕಾಕನಾ?"

"ಕೇಳಿದೆ. ಅವರಿಗೆ ಬದಲಾದದ್ದೇ ಗೊತ್ತಿಲ್ಲ. 'ಎಂತ ಬದಲಾದದ್ದು?' ಅಂತ ನನ್ನನ್ನೇ ಕೇಳಿದ್ರು. ನಾನು ಫೋನ್ ಇಟ್ಟೆ."

ಅಷ್ಟರಲ್ಲಿ ಸಲಾಂ ಕಾಕ ಮೆಟ್ಟಿಲು ಹತ್ತಿ ಬಂದರು. ವಿಷಯ ಕೇಳಿ ಚಪ್ಪಲಿ ಕಳಚುವುದನ್ನೂ ಮರೆತು ವಿಮಾನ ಕಂಪೆನಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಹೆಣ್ಣು ಧ್ವನಿಯೊಂದು ಬಹಳ ಮರ್ಯಾದೆಯಿಂದ ಹೇಳಿತು. ವಿಮಾನ ರದ್ದಾದಾಗ ಪ್ರಯಾಣಿಕರಿಗೆ ಬೇರೆ ವಿಮಾನ ಆರಿಸುವ ಅವಕಾಶ ಇತ್ತು. ಆದರೆ ನಿಮ್ಮ ಏಜೆನ್ಸಿಯ ಲಾಗಿನ್‌ನಿಂದಲೇ ಹೊಸ ಪ್ರಯಾಣಕ್ಕೆ ಒಪ್ಪಿಗೆ ಬಂದಿದೆ. ಒಪ್ಪಿದ ಮೇಲೆ ಆ ಅವಕಾಶ ಮುಚ್ಚಿತು.

"ನಮ್ಮಿಂದಲೇ?" ಎಂದರು ಸಲಾಂ ಕಾಕ.

"ಹೌದು ಸರ್. ಇವತ್ತು ಮುಂಜಾನೆ."

ಆಗ ಮುಂಜಾನೆ ಆಫೀಸಿನಲ್ಲಿ ಎಚ್ಚರವಿದ್ದದ್ದು ಯಾವುದು ಎಂದು ಸುಹಾನಾಳಿಗೆ ಹೊಳೆಯಿತು. ಮೂಲೆಯ ಕಂಪ್ಯೂಟರ್ ಮಾತ್ರ.

ಅದು ಅವಳೇ ಮಾಡಿಟ್ಟ ಏರ್ಪಾಡು. ಮುಂದಿನ ದಿನಗಳಲ್ಲಿ ಹೊರಡುವವರ ಟಿಕೆಟ್‌ಗಳನ್ನೆಲ್ಲ ಮುಂಜಾನೆ ಪರಿಶೀಲಿಸಬೇಕೆಂದು ಸಲಾಂ ಕಾಕ ಕೇಳಿದ್ದರು. ವಿಮಾನ ಕಂಪೆನಿ ಏಜೆಂಟರಿಗೆ ಅದಕ್ಕೆ ಅನುಮತಿಯನ್ನೂ ಕೊಟ್ಟಿತ್ತು. ಹಾಗಾಗಿ ಸುಹಾನಾಳ ಪ್ರೋಗ್ರಾಂ ತಾನೇ ಬ್ರೌಸರ್ ತೆರೆದು, ಲಾಗಿನ್ ಆಗಿ, ಒಬ್ಬೊಬ್ಬರ ಟಿಕೆಟ್ ನಂಬರ್ ಹಾಕಿ, ಸಮಯ ನೋಡಿ, ಸಲಾಂ ಕಾಕನ ಮೊಬೈಲಿಗೆ ಸಂದೇಶ ಕಳಿಸುತ್ತಿತ್ತು. ಅವರು ಮಸೀದಿಯಿಂದ ಹೊರಗೆ ಬರುವಾಗ ಎಲ್ಲರ ಸುದ್ದಿ ಕೈಯಲ್ಲಿರುತ್ತಿತ್ತು.

ಆ ಪ್ರೋಗ್ರಾಂಗೆ ಮೊದಲಿನಿಂದಲೂ ಕಾಟ ಕೊಟ್ಟದ್ದು ಒಂದೇ ಒಂದು ಪಟ್ಟಿ. ಸೈಟ್ ತೆರೆದ ಕೂಡಲೇ ಪರದೆಯ ಅಡಿಯಿಂದ ಏಳುತ್ತಿತ್ತು: ನಾವು ಕುಕೀಗಳನ್ನು ಬಳಸುತ್ತೇವೆ, ಒಪ್ಪುತ್ತೀರಾ? ಮನುಷ್ಯರಾದರೆ ಒಮ್ಮೆ ಒತ್ತಿ ಮರೆತುಬಿಡುತ್ತಾರೆ, ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ. ಪ್ರೋಗ್ರಾಂ ತೆರೆಯುವ ಬ್ರೌಸರ್ ದಿನಾ ಹೊಸದು, ಅದಕ್ಕೆ ನಿನ್ನೆಯದು ಏನೂ ನೆನಪಿಲ್ಲ. ಹಾಗಾಗಿ ದಿನಾ ಆ ಪಟ್ಟಿ ಎದ್ದು, ಹುಡುಕುವ ಬಟನ್ನಿನ ಮೇಲೆಯೇ ಕೂತುಬಿಡುತ್ತಿತ್ತು. ಕ್ಲಿಕ್ ಅಡಿಯ ಬಟನ್ನಿಗೆ ಮುಟ್ಟುತ್ತಿರಲಿಲ್ಲ. ಬೇರೊಂದು ಅಡ್ಡ ನಿಂತಿದೆ ಎಂದು ಪ್ರೋಗ್ರಾಂ ಸೋತು ಮಲಗುತ್ತಿತ್ತು.

ಬಲವಂತದಿಂದ ಕ್ಲಿಕ್ ಮಾಡು ಎಂದು ಬರೆದು ನೋಡಿದಳು. ಆಗ ಅಡ್ಡಿಯ ದೂರು ನಿಂತಿತು, ಕೆಲಸ ಮಾತ್ರ ಆಗಲಿಲ್ಲ. ಕ್ಲಿಕ್ ಹೋಗಿ ಬಿದ್ದದ್ದು ಮೇಲಿನ ಪಟ್ಟಿಯ ಮೇಲೆಯೇ. ಆಮೇಲೆ ಪಟ್ಟಿಯ ಒಪ್ಪಿಗೆಯ ಬಟನ್ನನ್ನು ಹೆಸರು ಹಿಡಿದು ಒತ್ತಿಸಿದಳು. ಅದೂ ಕೆಲವೇ ದಿನ. ಕಂಪೆನಿಯವರು ಬಟನ್ನಿನ ಮಾತನ್ನು ಬದಲಿಸುತ್ತಲೇ ಇದ್ದರು. ಒಮ್ಮೆ ಎಲ್ಲವನ್ನೂ ಒಪ್ಪು, ಒಮ್ಮೆ ಒಪ್ಪಿ ಮುಂದುವರಿ. ಪ್ರತಿಸಲವೂ ಬೆಳಗಿನ ಸಂದೇಶ ತಪ್ಪುತ್ತಿತ್ತು, ಪ್ರತಿಸಲವೂ ಸಲಾಂ ಕಾಕ ಮಸೀದಿಯ ಅಂಗಳದಿಂದಲೇ ಫೋನ್ ಮಾಡುತ್ತಿದ್ದರು.

"ಅಡ್ಡ ಬಂದದ್ದಕ್ಕೆಲ್ಲ ಒಪ್ಪಿ ಮುಂದೆ ಹೋಗ್ಲಿ ಸುಹಾನಾ. ನಮಗೆ ಎಂತ ನಷ್ಟ?" ಎಂದಿದ್ದರು ಅವರು.

ಅವಳು ಹಾಗೆಯೇ ಬರೆದಳು. ಎಲ್ಲಿಯಾದರೂ ಕ್ಲಿಕ್ಕಿಗೆ ಅಡ್ಡವಾಗಿ ಒಂದು ಪೆಟ್ಟಿಗೆ ಬಂದರೆ, ಅದರಲ್ಲಿ ಒಪ್ಪು ಎಂಬ ಮಾತಿರುವ ಬಟನ್ ಇದ್ದರೆ, ಒತ್ತು, ಮುಂದೆ ಹೋಗು. ಆವತ್ತಿನಿಂದ ಬೆಳಗಿನ ಸಂದೇಶ ತಪ್ಪಲಿಲ್ಲ.

ಮುಂಜಾನೆಯ ಓಟದ ವಿಡಿಯೊವನ್ನು ಪ್ರೋಗ್ರಾಂ ತಾನೇ ಉಳಿಸಿಡುತ್ತಿತ್ತು. ಮೂವರೂ ಮೂಲೆಯ ಪರದೆಯ ಮುಂದೆ ನಿಂತರು. ಸೈಟ್ ತೆರೆಯಿತು. ಕುಕೀ ಪಟ್ಟಿ ಎದ್ದಿತು, ಒಪ್ಪಿಗೆ ಒತ್ತಿತು, ಪಟ್ಟಿ ಇಳಿಯಿತು. ಬೀಬಿ ಉಮ್ಮನ ನಂಬರ್ ಬಿತ್ತು. ಪುಟ ತೆರೆದ ಕೂಡಲೇ ನಡುವೆ ಬೇರೊಂದು ಪೆಟ್ಟಿಗೆ ಬಂತು. ಅದರಲ್ಲಿ ಎರಡು ಬಟನ್: ಹೊಸ ಪ್ರಯಾಣವನ್ನು ಒಪ್ಪು, ಬೇರೆ ಆಯ್ಕೆಗಳನ್ನು ನೋಡು. ಓದುವಷ್ಟೂ ಹೊತ್ತು ಅದು ಪರದೆಯ ಮೇಲೆ ನಿಲ್ಲಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಮಾಯ. ಪ್ರೋಗ್ರಾಂ ಏನೂ ಆಗದಂತೆ ಮುಂದಿನ ಹೆಸರಿಗೆ ಹೋಯಿತು.

"ಯಾ ರಬ್ಬೇ" ಎಂದರು ಸಲಾಂ ಕಾಕ. ಕುರ್ಚಿ ಹುಡುಕಿ ಕೂತರು.

ಜಾಸಿರ್ ಮಾತ್ರ ಇನ್ನೂ ಪರದೆಯನ್ನೇ ನೋಡುತ್ತಿದ್ದ. "ಸುಹಾನಾ, ಇದು ಇವತ್ತು ಮಾತ್ರ ಹೀಗೆ ಮಾಡಿದ್ದಾ?"

ಆ ಪ್ರಶ್ನೆ ಅವಳಿಗೆ ಬಂದೇ ಇರಲಿಲ್ಲ. ಹಳೆಯ ವಿಡಿಯೊಗಳನ್ನು ಒಂದೊಂದಾಗಿ ತೆರೆದಳು. ಹೆಚ್ಚಿನವುಗಳಲ್ಲಿ ಕುಕೀ ಪಟ್ಟಿಯಷ್ಟೇ. ಒಂದರಲ್ಲಿ ಮಾತ್ರ ನೆಲ್ಯಾಡಿಯ ಜೋಯಿ ಮತ್ತು ಸೂಸಮ್ಮನ ಟಿಕೆಟಿನ ಮೇಲೆ ಅಂಥದ್ದೇ ಪೆಟ್ಟಿಗೆ. ವಿಮಾನ ಬದಲಾಗಿದೆ, ಸೀಟುಗಳು ಬೇರೆ ಬೇರೆ ಕಡೆ ಬಿದ್ದಿವೆ, ಒಪ್ಪುತ್ತೀರಾ? ಒಪ್ಪಿತ್ತು. ಮಸ್ಕತ್‌ಗೆ ಹೋಗಿ ಬಂದ ಮೇಲೆ ಜೋಯಿ ಇದೇ ಆಫೀಸಿನಲ್ಲಿ ನಿಂತು, ಹೆಂಡತಿ ವಿಮಾನದ ಬಾಲದಲ್ಲಿ, ತಾನು ಮೂಗಿನಲ್ಲಿ, ಮದುವೆಯಾದ ಮೇಲೆ ಅಷ್ಟು ಶಾಂತಿಯ ಪ್ರಯಾಣ ಮಾಡಿಯೇ ಇಲ್ಲ ಎಂದು ನಗಿಸಿದ್ದರು. ಸಲಾಂ ಕಾಕ ಆವತ್ತು ಕಂಪೆನಿಯವರನ್ನು ಬಾಯಿಗೆ ಬಂದಂತೆ ಬೈದಿದ್ದರು.



ಸುಹಾನಾ ಪ್ರೋಗ್ರಾಂ ನಿಲ್ಲಿಸಿ, ಅದು ಮತ್ತೆ ತಾನಾಗಿ ಓಡದಂತೆ ಮಾಡಿದಳು. ಕೈಗಳಿಗೆ ಮಾಡಲು ಬೇರೆ ಕೆಲಸ ಬೇಕಾಗಿತ್ತು.

"ಕಂಪೆನಿಗೆ ಬರೆಯುವ" ಎಂದ ಜಾಸಿರ್. "ಸೈಟ್ ಹ್ಯಾಂಗ್ ಆಗಿತ್ತು, ಎಲ್ಲೋ ಒತ್ತಿದ್ದು ಎಲ್ಲೋ ಬಿತ್ತು ಅಂತ. ಅವರ ಸೈಟಿನ ಅವಸ್ಥೆ ಅವರಿಗೂ ಗೊತ್ತುಂಟಲ್ಲ."

"ಎಲ್ಲೋ ಬೀಳ್ಲಿಲ್ಲ. ಎಲ್ಲಿ ಬೀಳ್ಬೇಕು ಅಂತ ನಾನು ಬರೆದದ್ದೋ ಅಲ್ಲಿಯೇ ಬಿದ್ದದ್ದು."

"ಸತ್ಯ ಹೇಳಿದ್ರೆ ನಮ್ಮ ಅನುಮತಿ ತೆಗೀತಾರೆ."

"ತೆಗೀಲಿ" ಎಂದರು ಸಲಾಂ ಕಾಕ. ಅವರ ಕಣ್ಣು ಗೋಡೆಯ ಮೇಲಿನ ಮಕ್ಕಾದ ಚಿತ್ರದ ಕಡೆಗಿತ್ತು. "ಬರಿ ಸುಹಾನಾ. ಪ್ರಯಾಣಿಕರು ಒಪ್ಪಿದ್ದಲ್ಲ, ನಾವು ಓದಿದ್ದೂ ಅಲ್ಲ. ವಿಡಿಯೊ ಹಾಕು. ಡಾಕ್ಟರ ಚೀಟಿಯನ್ನೂ ಹಾಕು. ಮುಂದೆ ಹೋಗ್ಲಿ ಅಂತ ನಾನು ಹೇಳಿದ್ದನ್ನೂ ಬರಿ."

ಬರೆದು ಕಳಿಸಿದಳು. ಆಮೇಲೆ ಯಾರೂ ಹೇಳದೆಯೇ ಬ್ಯಾಗ್ ಹೆಗಲಿಗೆ ಹಾಕಿಕೊಂಡಳು. ಸೋಮವಾರ ಬೀಬಿ ಉಮ್ಮ ಪುತ್ತೂರಿನಲ್ಲೇ ಇರುತ್ತಾರೆ. ಎಲ್ಲಿ ಎಂಬುದು ಗೊತ್ತಿತ್ತು.

ಡಯಾಲಿಸಿಸ್ ವಾರ್ಡಿನ ಹೊರಗೆ ಶಾನವಾಝ್ ನಿಂತಿದ್ದರು. ಆಲಂಕಾರಿನಲ್ಲಿ ಅವರಿಗೆ ಬೇಕರಿ, ತೋಳಿನಲ್ಲಿ ಇನ್ನೂ ಮೈದಾ ಹಿಟ್ಟಿನ ಗುರುತಿತ್ತು. ಜಾಸಿರನ ಫೋನ್ ಬಂದಾಗಿನಿಂದ ಅವರಿಗೆ ಏನೋ ಆಗಿದೆ ಎಂಬುದಷ್ಟೇ ಗೊತ್ತು. ಸುಹಾನಾ ಹೇಳಿದ್ದನ್ನು ಪೂರ್ತಿ ಕೇಳಿ, "ಉಮ್ಮನಿಗೆ ನಾನು ಹೇಳುದಿಲ್ಲ" ಎಂದರು. "ನನ್ನಿಂದ ಆಗುದಿಲ್ಲ. ಉಮ್ರಾಕ್ಕೆ ಉಡುವ ಇಹ್ರಾಮಿನ ಬಟ್ಟೆ ಸಹ ತಂದಾಗಿದೆ ನನಗೆ."

"ನಾನೇ ಹೇಳ್ತೇನೆ."

ಬೀಬಿ ಉಮ್ಮನ ಎಡಗೈಯಿಂದ ಎರಡು ನಳಿಗೆಗಳು ಹೊರಟು ಪಕ್ಕದ ಯಂತ್ರ ಸೇರಿದ್ದವು. ಒಂದರಲ್ಲಿ ರಕ್ತ ಹೋಗುತ್ತಿತ್ತು, ಇನ್ನೊಂದರಲ್ಲಿ ಬರುತ್ತಿತ್ತು. ಅವರ ತುಟಿ ಮಾತ್ರ ಅಲುಗುತ್ತಿತ್ತು. ಗುರುವಾರದ ಉಮ್ರಾ ಕ್ಲಾಸಿನಲ್ಲಿ ಉಸ್ತಾದ್ ಹೇಳಿಕೊಟ್ಟದ್ದನ್ನು ಅವರು ಇಲ್ಲಿ ಮಲಗಿ ಮನನ ಮಾಡುತ್ತಾರೆ ಎಂಬುದು ಸುಹಾನಾಳಿಗೆ ಗೊತ್ತಿತ್ತು. ಆ ಕ್ಲಾಸು ನಡೆಯುವುದು ಆಫೀಸಿನ ಪಕ್ಕದ ಹಾಲಿನಲ್ಲಿ. ಉಸ್ತಾದ್ ಒಂದು ಸಾಲು ಹೇಳುತ್ತಾರೆ, ಎಲ್ಲರೂ ಹಿಂದೆ ಹೇಳುತ್ತಾರೆ. ಯಾರಾದರೂ ಒಂದು ಅಕ್ಷರ ನುಂಗಿದರೆ ಉಸ್ತಾದ್ ಕೈ ಎತ್ತುತ್ತಾರೆ, ಎಲ್ಲರೂ ನಿಲ್ಲುತ್ತಾರೆ. ಗೋಡೆಯ ಈಚೆಗೆ ಪ್ರೋಗ್ರಾಂ ಬರೆಯುತ್ತ ಸುಹಾನಾ ಎಷ್ಟೋ ಸಲ ಆ ನಿಲುಗಡೆಯನ್ನು ಕೇಳಿದ್ದಳು.

ಅವಳು ಸ್ಟೂಲಿನ ಮೇಲೆ ಕೂತು ಹೇಳಿದಳು. ಬೀಬಿ ಉಮ್ಮ ತುಟಿ ಅಲುಗಿಸುವುದನ್ನು ನಿಲ್ಲಿಸಿದರು.

"ನನ್ನ ವಿಮಾನ ಇಲ್ವಾ ಮಗಳೇ?"

"ರದ್ದಾಗಿದೆ ಉಮ್ಮ. ಬೇರೆ ಕೊಡ್ತಿದ್ರು, ಯಾವುದು ಬೇಕು ಅಂತ ಕೇಳಿದ್ರು. ಅಷ್ಟರಲ್ಲಿ..."

"ಕೇಳಿದ್ದು ಯಾರನ್ನು?"

"ನಮ್ಮ ಕಂಪ್ಯೂಟರನ್ನು."

"ಅದು ಎಂತ ಹೇಳ್ತು?"

"ಆಗಬಹುದು ಅಂತ ಹೇಳ್ತು."

ಬೀಬಿ ಉಮ್ಮ ಪಕ್ಕದ ಯಂತ್ರದ ಕಡೆ ತಲೆ ತಿರುಗಿಸಿ ನೋಡಿದರು, ಆಮೇಲೆ ಸುಹಾನಾಳನ್ನು. "ಹಾಗೆ ಹೇಳು ಅಂತ ಅದಕ್ಕೆ ಕಲಿಸಿದ್ದು ಯಾರು?"

"ನಾನು ಉಮ್ಮ."

ಬೀಬಿ ಉಮ್ಮ ಬೈಯುತ್ತಾರೆಂದು ಸುಹಾನಾ ಕಾದಳು. ಬೈದಿದ್ದರೆ ಒಳ್ಳೆಯದಿತ್ತು.

"ನನ್ನ ನಿಕಾಹ್ ದಿನ ನನ್ನ ಹೆತ್ತ ಉಪ್ಪ ಕೋಣೆಯ ಬಾಗಿಲಿಗೆ ಬಂದ್ರು" ಎಂದರು ಬೀಬಿ ಉಮ್ಮ ನಿಧಾನವಾಗಿ. "ಹುಡುಗ ಒಪ್ಪಿಗೆಯಾ ಅಂತ ಕೇಳಿದ್ರು. ನನಗೆ ನಾಚಿಕೆ, ಬಾಯಿ ಬರುದಿಲ್ಲ. ಅಲ್ಲಿದ್ದ ಹೆಂಗಸರೆಲ್ಲ ಹೇಳಿದ್ರು, ಸುಮ್ಮನಿದ್ರೆ ಒಪ್ಪಿದ ಹಾಗೆಯೇ, ಹೋಗಿ ನೀವು ಅಂತ. ಉಪ್ಪ ಹೋಗ್ಲಿಲ್ಲ. ಹೊಸ್ತಿಲಲ್ಲೇ ನಿಂತ್ರು. ಇವಳು ಬಾಯಿ ಬಿಡುವವರೆಗೆ ನಾನು ಆ ಕಡೆ ಹೋಗುದಿಲ್ಲ ಅಂದ್ರು. ಅಲ್ಲಿ ಬಿರಿಯಾನಿ ತಣ್ಣಗಾಯ್ತು."

ಅವರಿಗೆ ಸಣ್ಣ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯ ಕಡೆಗೆ ಹೋಯಿತು. ಒರೆಸಿಕೊಳ್ಳಲು ಅವರು ಕೈ ಎತ್ತಲಿಲ್ಲ. ಸುಹಾನಾ ತನ್ನ ಶಾಲಿನ ತುದಿಯಿಂದ ಒರೆಸಿದಳು.

ಮರುದಿನ ಮಧ್ಯಾಹ್ನ ವಿಮಾನ ಕಂಪೆನಿಯ ಅಧಿಕಾರಿಯೊಬ್ಬರು ಫೋನ್ ಮಾಡಿದರು. ಇಂಥ ಕಾಗದ ತಮಗೆ ಯಾವ ಏಜೆಂಟರಿಂದಲೂ ಬಂದಿಲ್ಲ, ಎಲ್ಲರೂ ಸೈಟ್ ಹ್ಯಾಂಗ್ ಆಯಿತು ಎಂದೇ ಬರೆಯುತ್ತಾರೆ ಎಂದರು. ಜಾಸಿರ್ ಛಾವಣಿ ನೋಡಿದ. ಅಧಿಕಾರಿ ಮುಂದುವರಿಸಿದರು: ಡಾಕ್ಟರ ಚೀಟಿ ನೋಡಿ ಈ ಒಂದು ಟಿಕೆಟಿಗೆ ಆಯ್ಕೆಯನ್ನು ಮತ್ತೆ ತೆರೆಯಲು ಕೇಳಿದ್ದೇನೆ, ಆಗುತ್ತದೆಯೋ ಇಲ್ಲವೋ ಗೊತ್ತಿಲ್ಲ, ತೆರೆದರೆ ಟಿಕೆಟಿನ ಪುಟದಲ್ಲಿ ಆ ಪೆಟ್ಟಿಗೆ ಮತ್ತೆ ಕಾಣಿಸುತ್ತದೆ. ಆದರೆ ನಿಮ್ಮ ಪ್ರೋಗ್ರಾಂ ಸರಿಯಾಗಿದೆಯೆಂದು ತೋರಿಸುವವರೆಗೆ ಅದು ನಮ್ಮ ಸೈಟಿನಲ್ಲಿ ಓಡಬಾರದು.

ಸುಹಾನಾ ಬುಧವಾರ ರಾತ್ರಿಯವರೆಗೂ ಅದೊಂದೇ ಕೆಲಸ ಮಾಡಿದಳು. ಸಿಕ್ಕಿದ ಪೆಟ್ಟಿಗೆಗೆಲ್ಲ ಒಪ್ಪು ಎನ್ನುವ ಸಾಲನ್ನು ಅಳಿಸಿಹಾಕಿದಳು. ಬಟನ್ನಿನ ಮಾತು ಎಷ್ಟು ಬದಲಾದರೂ, ಕುಕೀ ಪಟ್ಟಿಗೆ ಸೈಟಿನ ಒಳಗೆ ಅದರದೇ ಒಂದು ಗುರುತು ಇತ್ತು. ಮೊದಲೇ ಹುಡುಕಿದ್ದರೆ ಸಿಗುತ್ತಿತ್ತು. ಈಗ ಆ ಗುರುತಿನ ಪಟ್ಟಿಯನ್ನು ಮಾತ್ರ ಪ್ರೋಗ್ರಾಂ ಮುಟ್ಟುತ್ತಿತ್ತು. ಅದರಲ್ಲೂ ಎಲ್ಲವನ್ನೂ ಒಪ್ಪುವ ಬದಲು, ಅಗತ್ಯವಾದವು ಮಾತ್ರ ಸಾಕು ಎಂಬ ಬಟನ್ ಒತ್ತುತ್ತಿತ್ತು. ತಾನೇ ಒಮ್ಮೆ ಕೈಯಾರೆ ಕೊಟ್ಟ ಆ ಉತ್ತರವನ್ನು ಉಳಿಸಿಟ್ಟು ಮರುದಿನದ ಬ್ರೌಸರಿಗೆ ಮೊದಲೇ ಕೊಡುವಂತೆ ಮಾಡಿದಳು. ಹಾಗಾಗಿ ಪಟ್ಟಿ ದಿನಾ ಏಳಬೇಕಾಗಿರಲಿಲ್ಲ. ಇದಲ್ಲದೆ ಬೇರೆ ಯಾವ ಪೆಟ್ಟಿಗೆ ಅಡ್ಡ ಬಂದರೂ, ಅದರಲ್ಲಿ ಏನೇ ಬರೆದಿದ್ದರೂ, ಒತ್ತುವಂತಿಲ್ಲ. ಚಿತ್ರ ತೆಗೆದು, ಆ ಟಿಕೆಟನ್ನು ಅಲ್ಲಿಗೇ ಬಿಟ್ಟು, ಮನುಷ್ಯರನ್ನು ಕರೆಯಬೇಕು.

"ಇನ್ನು ದಿನಾ ಬೆಳಿಗ್ಗೆ ನಿಲ್ತದೆ ಅಂತಾಯ್ತು" ಎಂದರು ಸಲಾಂ ಕಾಕ.

"ನಿಲ್ಬೇಕಾದಲ್ಲಿ ನಿಲ್ತದೆ ಕಾಕ."

ಉಳಿಸಿಟ್ಟ ಪುಟಗಳ ಮೇಲೆ ಓಡಿಸಿ ನೋಡಿದ ವಿಡಿಯೊ ಸಮೇತ ಕಂಪೆನಿಗೆ ಕಳಿಸಿದಳು. ಗುರುವಾರ ಬೆಳಿಗ್ಗೆ ಓಡಿಸಲು ಅನುಮತಿ ಬಂತು. ಆಯ್ಕೆಯ ಪೆಟ್ಟಿಗೆ ಮತ್ತೆ ತೆರೆದ ಸುದ್ದಿ ಬಂದಿರಲಿಲ್ಲ. ಶನಿವಾರಕ್ಕೆ ನಡುವೆ ಉಳಿದದ್ದು ಶುಕ್ರವಾರ ಒಂದೇ.

ಪಕ್ಕದ ಹಾಲಿನಲ್ಲಿ ಕೊನೆಯ ಕ್ಲಾಸು ಶುರುವಾಗಿತ್ತು. ಸುಹಾನಾ ಪ್ರೋಗ್ರಾಂ ಓಡಿಸಿದಳು. ಬ್ರೌಸರ್ ತೆರೆಯಿತು, ಕುಕೀ ಪಟ್ಟಿ ಏಳಲಿಲ್ಲ. ಒಂದು ಹೆಸರು ಮುಗಿಯಿತು, ಇನ್ನೊಂದು ಮುಗಿಯಿತು. ಬೀಬಿ ಉಮ್ಮನ ನಂಬರಿಗೆ ಬಂದು ನಿಂತಿತು. ಮೂವರ ಮೊಬೈಲೂ ಒಟ್ಟಿಗೆ ಸದ್ದು ಮಾಡಿತು: ಅಡ್ಡ ಬಂದಿದೆ, ಗೊತ್ತಿಲ್ಲದ ಪೆಟ್ಟಿಗೆ, ಒತ್ತಿಲ್ಲ.

ಸುಹಾನಾ ತಾನೇ ಲಾಗಿನ್ ಆಗಿ ಪುಟ ತೆರೆದಳು. ಎರಡು ಆಯ್ಕೆ ಇತ್ತು. ಇದೇ ಶನಿವಾರ ನೇರ ವಿಮಾನ, ಆದರೆ ಕೋಝಿಕ್ಕೋಡಿನಿಂದ. ಇಲ್ಲವೇ ಮುಂದಿನ ಶನಿವಾರ, ಕಣ್ಣೂರಿನಿಂದಲೇ.

ಸಲಾಂ ಕಾಕ ಉಸಿರು ಬಿಟ್ಟರು. "ಅಲ್ಹಮ್ದುಲಿಲ್ಲಾಹ್! ಮುಂದಿನ ವಾರದ್ದು ಒತ್ತು. ಆಲಂಕಾರಿನಿಂದ ಕೋಝಿಕ್ಕೋಡಿನವರೆಗೆ ಕಾರಿನಲ್ಲಿ ಆ ಮುದುಕಿ ಹೇಗೆ ಕೂರುದು? ಒತ್ತು, ಒತ್ತು, ಸೀಟ್ ಹೋದ್ರೆ ಕಷ್ಟ."

ಸುಹಾನಾಳ ಬೆರಳು ಮೌಸಿನ ಮೇಲಿತ್ತು. ಅವಳೂ ಅದನ್ನೇ ಯೋಚಿಸಿದ್ದಳು. ಮುಂದಿನ ವಾರ, ಹತ್ತಿರದ ಊರು, ಯಾರು ತಾನೇ ಬೇಡ ಎನ್ನುತ್ತಾರೆ? ಬೆರಳು ಇಳಿಯುವುದೊಂದೇ ಬಾಕಿ. ಗೋಡೆಯ ಆಚೆ ಯಾರೋ ಒಂದು ಅಕ್ಷರ ನುಂಗಿದರು. ದನಿಗಳೆಲ್ಲ ಒಮ್ಮೆಗೇ ನಿಂತವು.

ಅವಳು ಮೌಸ್ ಬಿಟ್ಟು ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಬೆಂಕಿ ತಾಗಿದವಳಂತೆ.

"ಕೇಳುವ ಕಾಕ."

"ಎಂತ ಕೇಳುದು, ಗೊತ್ತಿದ್ದದ್ದೇ ಅಲ್ವಾ" ಎಂದವರು, ಅರ್ಧಕ್ಕೇ ನಿಂತು ಬಾಯಿ ಮುಚ್ಚಿಕೊಂಡರು.

ಸುಹಾನಾ ಆಲಂಕಾರಿಗೆ ಫೋನ್ ಮಾಡಿದಳು, ಶಾನವಾಝ್ ತೆಗೆದು ಉಮ್ಮನ ಕೈಗೆ ಕೊಟ್ಟರು. ಸುಹಾನಾ ಎರಡನ್ನೂ ಓದಿದಳು. ದಿನ, ಊರು, ಇಳಿಯುವ ಹೊತ್ತು, ಕಾರಿನ ದಾರಿ, ಸೋಮವಾರ ಮಕ್ಕಾದ ಆಸ್ಪತ್ರೆಗೆ ಯಾವುದರಲ್ಲಿ ಹೇಗೆ. ಯಾವುದು ಒಳ್ಳೆಯದೆಂದು ಹೇಳಲಿಲ್ಲ. ಸಲಾಂ ಕಾಕ ಪಕ್ಕದಲ್ಲಿ ತುಟಿ ಕಚ್ಚಿಕೊಂಡು ಕೂತಿದ್ದರು.

"ಕೋಝಿಕ್ಕೋಡು" ಎಂದರು ಬೀಬಿ ಉಮ್ಮ ತಕ್ಷಣ.

ಸಲಾಂ ಕಾಕನಿಗೆ ತಡೆಯಲಾಗಲಿಲ್ಲ. "ಉಮ್ಮ, ಸಲಾಂ ಮಾತಾಡುದು. ದೂರ ಉಂಟು! ಮುಂದಿನ ವಾರ ಆದ್ರೆ ಆರಾಮ..."

"ಸಲಾಂ, ನನಗೆ ಮುಂದಿನ ವಾರ ಇದೆ ಅಂತ ನಿನಗೆ ಯಾರು ಹೇಳಿದ್ದು?" ಎಂದರು ಬೀಬಿ ಉಮ್ಮ. ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುವವರ ಧ್ವನಿ. "ನನ್ನ ಜೊತೆ ಯಂತ್ರದಲ್ಲಿ ಮಲಗುತ್ತಿದ್ದ ರಾಮಕುಂಜದ ಪದ್ಮಯ್ಯ ಹೋದ ವಾರ ಇದ್ರು. ನಿನ್ನೆ ಅವರ ಮಂಚದಲ್ಲಿ ಬೇರೆಯವರು. ನನಗೆ ಕಾರು ಪರವಾಗಿಲ್ಲ. ಸೀಟ್ ಹಿಂದಕ್ಕೆ ಮಾಡಿ ಮಲಗ್ತೇನೆ."

ಮುಂದಿನ ವಾರವನ್ನು ಒತ್ತಿಬಿಡುತ್ತಿದ್ದೆವಲ್ಲ ಎಂಬುದು ಮೂವರ ಮುಖದಲ್ಲೂ ಒಟ್ಟಿಗೆ ಬಂದು ನಿಂತಿತು.

"ಉಮ್ಮ, ಶನಿವಾರದ್ದು, ಕೋಝಿಕ್ಕೋಡಿನಿಂದ. ಒಪ್ಪಿಗೆಯಾ?" ಎಂದು ಸುಹಾನಾ ಕೇಳಿದಳು.

"ಒಪ್ಪಿಗೆ" ಎಂದರು ಬೀಬಿ ಉಮ್ಮ. ಆಮೇಲೆ, "ಕೇಳಿತಾ ಮಗಳೇ? ಜೋರಾಗಿ ಹೇಳ್ಬೇಕಾ?"

"ಕೇಳಿತು ಉಮ್ಮ."

ಸುಹಾನಾ ಒತ್ತಿದಳು. ಪೆಟ್ಟಿಗೆ ಸರಿಯಿತು. ಅಡಿಯಲ್ಲಿ ಬೀಬಿ ಉಮ್ಮನ ಹೆಸರು, ಶನಿವಾರ, ಜಿದ್ದಾ.

ಪಕ್ಕದ ಹಾಲಿನಲ್ಲಿ ತಪ್ಪಿದ ಸಾಲನ್ನು ಉಸ್ತಾದ್ ಮೊದಲಿನಿಂದ ಹೇಳಿಕೊಡುತ್ತಿದ್ದರು.